ಬೋರ್ಡಿನಲ್ಲಿ 22, ಕಾರಿಗೆ ಬಂದಿದ್ದು 7: ಚಾರ್ಜಿಂಗ್ ಲೆಕ್ಕದಲ್ಲಿ ನಾನು ಎಡವಿದ್ದು ಹೀಗೆ

ಇಲೆಕ್ಟ್ರಿಕ್ ಕಾರು ತಗೊಂಡು ಎರಡು ತಿಂಗಳಾಗಿತ್ತು. ಅಮ್ಮನನ್ನು ಕೂರಿಸಿಕೊಂಡು ಮೊದಲ ಸಲ ದೂರ ಹೊರಟಿದ್ದೆ. ಇನ್ನೂ 130 ಕಿಲೋಮೀಟರ್ ಇದೆ ಅನ್ನುವಾಗ ಬ್ಯಾಟರಿ 18 ಪರ್ಸೆಂಟಿಗೆ ಇಳಿಯಿತು. ಗಾಬರಿಯೇನೂ ಆಗಲಿಲ್ಲ, ಯಾಕೆಂದರೆ ಹೊರಡುವ ಮೊದಲೇ ಆ್ಯಪ್‌ನಲ್ಲಿ ನೋಡಿ ಜಾಗ ಗೊತ್ತು ಮಾಡಿಕೊಂಡಿದ್ದೆ. ಅಲ್ಲಿ ಸ್ಪಷ್ಟವಾಗಿ `AC 22 kW` ಅಂತ ಇತ್ತು.

ಲೆಕ್ಕವನ್ನೂ ಮಾಡಿದ್ದೆ. ನನ್ನ ಕಾರಿನ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 45 ಕಿಲೋವ್ಯಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಮಾತಿನಲ್ಲಿ 45 ಯೂನಿಟ್. 18ರಿಂದ 80ಕ್ಕೆ ಏರಿಸಲು 62 ಪರ್ಸೆಂಟ್ ಬೇಕು, ಹತ್ತಿರಹತ್ತಿರ 28 ಯೂನಿಟ್. ಅದನ್ನು 22ರಿಂದ ಭಾಗಿಸಿದರೆ ಒಂದೂಕಾಲು ಗಂಟೆ. ಕಾಫಿ ಕುಡಿದು ಸ್ವಲ್ಪ ಕಾಲಾಡಿಸಿ ಬರುವಷ್ಟು ಹೊತ್ತು. ಐದೂಕಾಲಿಗೆ ಗನ್ ಸಿಕ್ಕಿಸಿ, ಆರೂವರೆಗೆ ಹೊರಟು, ಒಂಬತ್ತಕ್ಕೆ ತಲುಪುವುದು ನನ್ನ ಅಂದಾಜು.

ಆರೂವರೆಗೆ ಬಂದು ನೋಡಿದರೆ ಕಾರು 36 ಪರ್ಸೆಂಟ್ ತೋರಿಸುತ್ತಿದೆ. "ಮುಗೀತೇನೋ?" ಅಂತ ಅಮ್ಮ ಕೇಳಿದರೆ ಏನು ಹೇಳಬೇಕೋ ತೋಚಲಿಲ್ಲ. ಯಂತ್ರ ಕೆಟ್ಟಿದೆ ಅಂತಲೇ ನನ್ನ ತೀರ್ಮಾನ. ಅಲ್ಲಿದ್ದ ಹುಡುಗನನ್ನು ಕರೆದು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವನು ಬೇಜಾರು ಮಾಡಿಕೊಳ್ಳದೆ ಯಂತ್ರದ ಪರದೆಗೆ ಬೆರಳಿಟ್ಟ. ಒಂದು ಸಾಲಿನಲ್ಲಿ `9.0 kWh`, ಅದರ ಕೆಳಗೆ `7.2 kW`. "ಸರ್, ನಮ್ದು 22 ಕೊಡುತ್ತೆ. ನಿಮ್ಮ ಗಾಡಿ 7ಕ್ಕಿಂತ ಜಾಸ್ತಿ ತಗೊಳ್ಳಲ್ಲ" ಅಂದ.

ಅವನು ಹೇಳಿದ್ದು ಅಕ್ಷರಶಃ ಸರಿ. ಎಸಿ ಜಾಗಗಳಲ್ಲಿ ಗೋಡೆಗೆ ಹಾಕಿರುವ ಡಬ್ಬಿಯನ್ನು ನಾವು ಚಾರ್ಜರ್ ಅಂತೀವಿ, ಆದರೆ ನಿಜಕ್ಕೂ ಅದು ಸುರಕ್ಷತಾ ವ್ಯವಸ್ಥೆ ಇರುವ ದೊಡ್ಡ ಸ್ವಿಚ್ಚು, ಅಷ್ಟೇ. ಬ್ಯಾಟರಿಗೆ ಬೇಕಾದ್ದು ಡಿಸಿ. ಎಸಿಯನ್ನು ಡಿಸಿ ಮಾಡುವ ಚಾರ್ಜರ್ ಕಾರಿನ ಹೊಟ್ಟೆಯೊಳಗೇ ಇರುತ್ತದೆ, ಅದಕ್ಕೇ ಅದನ್ನು ಆನ್‌ಬೋರ್ಡ್ ಚಾರ್ಜರ್ ಅನ್ನುವುದು. ಗೋಡೆಯ ಡಬ್ಬಿ "ನಾನು ಇಷ್ಟು ಆಂಪಿಯರ್‌ವರೆಗೆ ಕೊಡಬಲ್ಲೆ" ಅಂತ ಕಾರಿಗೆ ಸಂಕೇತ ಕಳಿಸುತ್ತದೆ. ಅದರಲ್ಲಿ ಎಷ್ಟು ಎಳೆದುಕೊಳ್ಳಬೇಕು ಅನ್ನುವುದು ಕಾರಿಗೆ ಬಿಟ್ಟಿದ್ದು.

ಆ 22 ಬರುವುದು ಮೂರು ಫೇಸ್ ಸೇರಿ: ಪ್ರತಿ ಫೇಸಿಗೆ 230 ವೋಲ್ಟ್, 32 ಆಂಪಿಯರ್. ನನ್ನ ಕಾರಿನ ಆನ್‌ಬೋರ್ಡ್ ಚಾರ್ಜರ್ ಒಂದೇ ಫೇಸಿನದ್ದು. 230ನ್ನು 32ರಿಂದ ಗುಣಿಸಿ ನೋಡಿ, 7,360 ವ್ಯಾಟ್. ಉಳಿದೆರಡು ಫೇಸು ಒಂದೂಕಾಲು ಗಂಟೆ ಸುಮ್ಮನೆ ಕೂತಿದ್ದವು, ನನ್ನ ಹಾಗೆಯೇ. 7.2ರಂತೆ ಒಂದೂಕಾಲು ಗಂಟೆಗೆ 9 ಯೂನಿಟ್, ಪರದೆಯಲ್ಲಿ ಇದ್ದದ್ದೂ ಅದೇ. ಅದರಲ್ಲೂ ಸುಮಾರು ಹತ್ತನೇ ಒಂದು ಪಾಲು ಎಸಿ-ಡಿಸಿ ಪರಿವರ್ತನೆಯಲ್ಲಿ ಬಿಸಿಯಾಗಿ ಹೋಗಿ, ಬ್ಯಾಟರಿ ಸೇರಿದ್ದು ಎಂಟು ಚಿಲ್ಲರೆ. 18 ಪರ್ಸೆಂಟ್ ಏರಿದ್ದು ಅದರಿಂದ. 80 ಮುಟ್ಟಬೇಕಿದ್ದರೆ ಒಟ್ಟು ನಾಲ್ಕೂಕಾಲು ಗಂಟೆ ಕೂರಬೇಕಿತ್ತು.

ನಾನು ಗೊಂದಲ ಮಾಡಿಕೊಂಡಿದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ. ಕಿಲೋವ್ಯಾಟ್ ಅವರ್ ಅಂದರೆ ಬ್ಯಾಟರಿಯೊಳಗೆ ಎಷ್ಟು ಹಿಡಿಯುತ್ತದೆ ಅನ್ನುವ ಮೊತ್ತ. ಕಿಲೋವ್ಯಾಟ್ ಅಂದರೆ ಈ ಕ್ಷಣ ಎಷ್ಟು ರಭಸದಲ್ಲಿ ಹರಿಯುತ್ತಿದೆ ಅನ್ನುವುದು. 2 ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ಇಷ್ಟು ನನಗೂ ಗೊತ್ತಿತ್ತು, ಹಾಗಾಗಿ ಭಾಗಾಕಾರ ತಪ್ಪಲಿಲ್ಲ. ತಪ್ಪಿದ್ದು ಯಾವ ಸಂಖ್ಯೆಯಿಂದ ಭಾಗಿಸಬೇಕು ಅನ್ನುವುದರಲ್ಲಿ. ಬೋರ್ಡಿನಲ್ಲಿ ಬರೆದದ್ದು, ಕೇಬಲ್ ತಾಳುವುದು, ಕಾರು ತಗೊಳ್ಳುವುದು, ಈ ಮೂರರಲ್ಲಿ ಯಾವುದು ಚಿಕ್ಕದೋ ಅದರಿಂದ ಭಾಗಿಸಬೇಕು. ನಾನು ಕಣ್ಣಿಗೆ ಬಿದ್ದ ದೊಡ್ಡದನ್ನು ಹಿಡಿದುಕೊಂಡೆ. ಅಂದಹಾಗೆ, ಯಾರಾದರೂ "ಗಂಟೆಗೆ 22 ಕಿಲೋವ್ಯಾಟ್ ತುಂಬುತ್ತೆ" ಅಂದರೆ ಅವರ ಲೆಕ್ಕ ನಂಬಬೇಡಿ. ಕಿಲೋವ್ಯಾಟ್ ಅನ್ನುವುದರಲ್ಲೇ ರಭಸ ಇದೆ, ಅದರ ಮುಂದೆ ಇನ್ನೊಂದು "ಗಂಟೆಗೆ" ಬರುವುದಿಲ್ಲ.

ಎರಡನೇ ತಪ್ಪು ಅದೇ ಸಂಜೆ ಆಯಿತು. 20 ಕಿಲೋಮೀಟರ್ ಮುಂದೆ 60 ಕಿಲೋವ್ಯಾಟಿನ ಡಿಸಿ ಚಾರ್ಜರ್ ಇದೆ ಅಂದ ಆ ಹುಡುಗ. ಡಿಸಿಯಲ್ಲಿ ಪರಿವರ್ತನೆ ಯಂತ್ರದೊಳಗೇ ಆಗಿ, ಕಾರಿನ ಆನ್‌ಬೋರ್ಡ್ ಚಾರ್ಜರನ್ನು ದಾಟಿ ನೇರ ಬ್ಯಾಟರಿಗೆ ಹೋಗುತ್ತದೆ. ಹಾಗಾಗಿ ಅಲ್ಲಿ 7.2ರ ಮಿತಿ ಇಲ್ಲ, ನನ್ನ ಕಾರಿಗೆ ಗರಿಷ್ಠ 50. ತಲುಪಿದಾಗ 29 ಪರ್ಸೆಂಟ್ ಉಳಿದಿತ್ತು. 80ಕ್ಕೆ ಏರಲು ಸುಮಾರು 33 ನಿಮಿಷ ಸಾಕಾಯಿತು, ಜೀವ ಬಂದಂತಾಯಿತು. ಉಳಿದದ್ದು 110 ಕಿಲೋಮೀಟರ್. ನನ್ನ ಕಾರು ಕಿಲೋಮೀಟರಿಗೆ ಸುಮಾರು 0.15 ಯೂನಿಟ್ ತಿನ್ನುತ್ತದೆ, ಅಂದರೆ 16ರಿಂದ 17 ಯೂನಿಟ್ ಬೇಕು. ಬ್ಯಾಟರಿಯಲ್ಲಿ ಆಗಲೇ 36 ಯೂನಿಟ್ ಇತ್ತು! ಅಲ್ಲಿಗೆ ಗನ್ ಬಿಚ್ಚಿ ಹೊರಡಬೇಕಿತ್ತು. ಆದರೆ ಒಮ್ಮೆ ಹೆದರಿದವನಿಗೆ ಲೆಕ್ಕ ಕಾಣುವುದಿಲ್ಲ. ಪೂರ್ತಿ ತುಂಬಿಸಿಕೊಂಡೇ ಹೋಗೋಣ ಅಂತ ಕೂತೆ.

80 ದಾಟಿದ ಮೇಲೆ ಪರದೆಯಲ್ಲಿ ಸಂಖ್ಯೆ ಇಳಿಯುತ್ತಾ ಹೋಯಿತು. 30ರ ಆಚೀಚೆ, ಆಮೇಲೆ 18, ಕೊನೆಕೊನೆಗೆ 5. ಬ್ಯಾಟರಿಯ ಸೆಲ್‌ಗಳು ತಮ್ಮ ಮೇಲ್ಮಿತಿಯ ವೋಲ್ಟೇಜಿನ ಹತ್ತಿರ ಬಂದಾಗ ಅವುಗಳೊಳಗೆ ಅದೇ ರಭಸದಲ್ಲಿ ನೂಕಿದರೆ ಹಾಳಾಗುತ್ತವೆ, ಹಾಗಾಗಿ ಕಾರೇ ಕರೆಂಟನ್ನು ತಗ್ಗಿಸಿಕೊಳ್ಳುತ್ತದೆ. ಕೊನೆಯ 20 ಪರ್ಸೆಂಟಿನ 9 ಯೂನಿಟ್‌ಗೆ 42 ನಿಮಿಷ ಹೋಯಿತು. ಅಂದರೆ ಸರಾಸರಿ 13 ಕಿಲೋವ್ಯಾಟ್ ಕೂಡ ಇಲ್ಲ. ಊರು ಮುಟ್ಟಿದಾಗ ಹತ್ತೂಮುಕ್ಕಾಲು. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

ಹೊಸದಾಗಿ ಕಾರು ನೋಡುತ್ತಿರುವವರು ಬ್ಯಾಟರಿ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಎಸಿಯಲ್ಲಿ ಗರಿಷ್ಠ ಎಷ್ಟು ಕಿಲೋವ್ಯಾಟ್, ಒಂದು ಫೇಸೋ ಮೂರು ಫೇಸೋ, ಡಿಸಿಯಲ್ಲಿ ಎಷ್ಟು ಅಂತ ಬೇರೆಬೇರೆಯಾಗಿ ಕೇಳಿ. ಜಾಹೀರಾತಿನ ನಿಮಿಷಗಳನ್ನು ತಿರುಗಿಸಿಯೂ ನೋಡಬಹುದು. 45 ಯೂನಿಟ್ ಬ್ಯಾಟರಿ 10ರಿಂದ 80ಕ್ಕೆ 45 ನಿಮಿಷ ಅಂತ ಬರೆದಿದ್ದರೆ, 31.5 ಯೂನಿಟನ್ನು ಮುಕ್ಕಾಲು ಗಂಟೆಯಿಂದ ಭಾಗಿಸಿ. 42 ಬರುತ್ತದೆ. ಅದು ಡಿಸಿಯ ಮಾತು, ಅದೂ ಸರಾಸರಿ. ಪಕ್ಕದಲ್ಲಿ ದೊಡ್ಡಕ್ಷರದಲ್ಲಿ ಹಾಕುವ 50 ಸ್ವಲ್ಪ ಹೊತ್ತು ಮಾತ್ರ ಮುಟ್ಟುವ ಶಿಖರ.

ಮಾರನೇ ದಿನ ಕಾರು ಮಾರಿದವರಿಗೆ ಫೋನ್ ಮಾಡಿ, 22ರ ಚಾರ್ಜರ್ ನಡೆಯುತ್ತೆ ಅಂದಿದ್ದಿರಲ್ಲ ಅಂತ ಜಗಳ ತೆಗೆದೆ. ಆ ಕಡೆಯಿಂದ ತಣ್ಣಗೆ ಉತ್ತರ ಬಂತು: "ಹಾಕಬಹುದು ಅಂದಿದ್ದೆ ಸರ್, 22 ಬರುತ್ತೆ ಅಂದಿರಲಿಲ್ಲ."