ಮೂರು ಕನೆಕ್ಷನ್‌ನ ಬೇಸಿಕ್ ವಿಪಿಎನ್ ಪ್ಲಾನ್: 14 ತಿಂಗಳು ಬಳಸಿದ ಮೇಲೆ

ಹುಬ್ಬಳ್ಳಿಯಲ್ಲಿದ್ದುಕೊಂಡು ಬ್ಯಾಡಗಿಯ ಇಬ್ಬರು ಮೆಣಸಿನಕಾಯಿ ವ್ಯಾಪಾರಸ್ಥರ ರಫ್ತಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಸುಗ್ಗಿಯಲ್ಲಿ ವಾರಕ್ಕೆ ಮೂರು ದಿನ ಅಲ್ಲೇ ಲಾಡ್ಜಿನಲ್ಲಿ ಉಳಿಯಬೇಕಾಗುತ್ತದೆ. ಲಾಡ್ಜಿನ ವೈಫೈ ಪಾಸ್‌ವರ್ಡ್ ಕೌಂಟರಿನ ಗೋಡೆ ಮೇಲೇ ಬರೆದಿರುತ್ತದೆ. ಅಂಥ ಕಡೆ ಇನ್‌ವಾಯ್ಸ್, ಬ್ಯಾಂಕಿನ ಪತ್ರ ಕಳಿಸಲು ಮನಸ್ಸು ಒಪ್ಪಲಿಲ್ಲ. ಜೊತೆಗೆ ನೆದರ್‌ಲ್ಯಾಂಡ್ಸಿನ ಖರೀದಿದಾರರೊಬ್ಬರ ಪೋರ್ಟಲ್ ಯುರೋಪಿನ ಐಪಿಗೆ ಮಾತ್ರ ತೆರೆಯುತ್ತದೆ. ವಿಪಿಎನ್ ಹಾಕಿಕೊಂಡು ಬನ್ನಿ ಎಂದು ಅವರೇ ಹೇಳಿದ್ದರು. ಹೀಗೆ ಒಂದು ವಿಪಿಎನ್‌ನ ಅತಿ ಅಗ್ಗದ ಪ್ಲಾನ್ ತೆಗೆದುಕೊಂಡೆ. ಕಂಪನಿಯ ಹೆಸರು ಬೇಡ, ಏಕೆಂದರೆ ನಾನು ಹೇಳುವ ತೊಡಕುಗಳು ಅದೊಂದಕ್ಕೇ ಸೇರಿದವಲ್ಲ.

ಪ್ಲಾನಿನಲ್ಲಿ ಬರೆದದ್ದು ಇಷ್ಟು: ಎಷ್ಟು ಸಾಧನದಲ್ಲಾದರೂ ಇನ್‌ಸ್ಟಾಲ್ ಮಾಡಿ, ಒಮ್ಮೆಗೆ ಮೂರು ಕನೆಕ್ಷನ್. ಸರ್ವರ್ ಸಿಂಗಾಪುರ, ನೆದರ್‌ಲ್ಯಾಂಡ್ಸ್, ಅಮೆರಿಕದಲ್ಲಿ. ಇಂಡಿಯಾ ಬೇಕೆಂದರೆ ಮೇಲಿನ ಪ್ಲಾನ್.

ನನ್ನ ಫೋನ್, ಲ್ಯಾಪ್‌ಟಾಪ್, ಮನೆಯವಳ ಫೋನ್, ಮೂರು ಸರಿಹೋಯಿತು ಅಂದುಕೊಂಡೆ. ಮೊದಲ ತಿಂಗಳಲ್ಲೇ ಲೆಕ್ಕ ತಪ್ಪಿತು. ಒಂದು ಸಂಜೆ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ‘ಕನೆಕ್ಷನ್ ಮಿತಿ ಮುಗಿದಿದೆ’ ಎಂದು ಬಂತು. ಮನೆಗೆ ಫೋನ್ ಮಾಡಿ ಕೇಳಿದೆ. ‘ನಾ ಮುಂಜಾನಿಂದ ಅದನ್ನ ಮುಟ್ಟೇ ಇಲ್ರೀ’ ಅಂದಳು. ಮುಟ್ಟಿರಲಿಲ್ಲ ನಿಜ, ಆದರೆ ಆಟೋ-ಕನೆಕ್ಟ್ ಆನ್ ಇತ್ತು. ಅಡುಗೆಮನೆ ಕಟ್ಟೆ ಮೇಲೆ ಪರದೆ ಆರಿಸಿಕೊಂಡು ಬಿದ್ದಿದ್ದ ಫೋನು ಹಗಲು ರಾತ್ರಿ ಒಂದು ಕನೆಕ್ಷನ್ ಹಿಡಿದಿಟ್ಟಿತ್ತು. ಸರ್ವರ್ ಎಣಿಸುವುದು ತೆರೆದಿರುವ ಸುರಂಗವನ್ನು, ಅದರೊಳಗೆ ಯಾರಾದರೂ ಓಡಾಡುತ್ತಿದ್ದಾರೋ ಇಲ್ಲವೋ ಅದಕ್ಕೆ ಬೇಕಿಲ್ಲ. ಸೆಟ್ಟಿಂಗ್‌ನಲ್ಲಿ ಮನೆಯ ವೈಫೈಯನ್ನು ನಂಬಿಕಸ್ಥ ನೆಟ್‌ವರ್ಕ್ ಎಂದು ಗುರುತು ಹಾಕಿದೆ. ಅಲ್ಲಿಂದ ಮನೆಯಲ್ಲಿರುವಾಗ ಅವಳ ಫೋನ್ ಸಂಪರ್ಕ ತಾನೇ ಬಿಡುತ್ತದೆ.

ಅದಾದರೂ ಎರಡಷ್ಟೇ ಆಯಿತಲ್ಲ, ಉಳಿದದ್ದು ಎಲ್ಲಿ ಹೋಯಿತು? ಇದನ್ನು ಹುಡುಕಲು ಎರಡು ವಾರ ಹಿಡಿಯಿತು. ಬಸ್ಸಿನಿಂದ ಇಳಿದು ಲಾಡ್ಜಿಗೆ ಹೋದಾಗ ನನ್ನ ಫೋನ್ ಮೊಬೈಲ್ ಡೇಟಾ ಬಿಟ್ಟು ವೈಫೈಗೆ ಹತ್ತುತ್ತದೆ. ಐಪಿ ಬದಲಾಗುತ್ತದೆ, ಆಪ್ ಹೊಸದಾಗಿ ಲಾಗಿನ್ ಆಗುತ್ತದೆ. ಹಳೆಯ ಕನೆಕ್ಷನ್‌ಗೆ ‘ನಾನು ಹೊರಟೆ’ ಎಂದು ಹೇಳಿದವರಿಲ್ಲ. ಉತ್ತರ ಬರುತ್ತದೇನೋ ಎಂದು ಸರ್ವರ್ ಕಾಯುತ್ತಲೇ ಇರುತ್ತದೆ, ಅಷ್ಟು ಹೊತ್ತು ಒಂದೇ ಫೋನ್ ಎರಡು ಜಾಗ ತಿನ್ನುತ್ತದೆ. ಗಡಿಯಾರ ಇಟ್ಟು ನೋಡಿದೆ: ನನ್ನ ಸೇವೆಯಲ್ಲಿ ಹಳೆಯ ಕನೆಕ್ಷನ್ ಬಿಡಲು ನಾಲ್ಕೈದು ನಿಮಿಷ. ಮಿತಿಯ ಸಂದೇಶ ಬಂದಾಗ ಐದು ನಿಮಿಷ ಕಾದು ಮತ್ತೆ ಒತ್ತಿ. ಆಗ ಹತ್ತಿದರೆ ಜಾಗ ಹಿಡಿದಿದ್ದದ್ದು ಸತ್ತ ಕನೆಕ್ಷನ್ನೇ. ಆಗಲೂ ಹತ್ತದಿದ್ದರೆ ಬೇರೆ ಯಾವುದೋ ಸಾಧನ ನಿಜವಾಗಿಯೂ ಸೇರಿಕೊಂಡಿದೆ.

ಆಗ ನನ್ನ ಆಪ್ ಓಪನ್‌ವಿಪಿಎನ್ ಪ್ರೋಟೋಕಾಲ್ ಮೇಲೆ ನಡೆಯುತ್ತಿತ್ತು, ಅದೂ ಟಿಸಿಪಿಯಲ್ಲಿ. ಟಿಸಿಪಿ ಸಂಪರ್ಕ ಹಳೆಯ ಐಪಿಗೇ ಅಂಟಿಕೊಂಡಿರುತ್ತದೆ, ಐಪಿ ಹೋದರೆ ಅದೂ ಹೋಯಿತು. ವೈರ್‌ಗಾರ್ಡ್‌ಗೆ ಬದಲಿಸಿದ ಮೇಲೆ ಈ ತೊಂದರೆ ಹೆಚ್ಚುಕಡಿಮೆ ನಿಂತಿತು. ಅದು ಸಾಧನವನ್ನು ಐಪಿಯಿಂದ ಗುರುತಿಸುವುದಿಲ್ಲ, ಕೀಲಿಯಿಂದ ಗುರುತಿಸುತ್ತದೆ. ವೈಫೈಗೆ ಹತ್ತಿದರೂ ಇಳಿದರೂ ಕೀಲಿ ಅದೇ, ಹಾಗಾಗಿ ಸರ್ವರ್ ಲೆಕ್ಕದಲ್ಲಿ ಸಾಧನವೂ ಒಂದೇ. ಐಕೆಇವಿ2 ಕೂಡ ಇಂಥ ಬದಲಾವಣೆ ತಡೆದುಕೊಳ್ಳಬಲ್ಲದು. ನಿಮ್ಮ ಆಪಿನಲ್ಲಿ ಆಯ್ಕೆಯಿದ್ದರೆ ಪ್ಲಾನ್ ಏರಿಸುವ ಮೊದಲು ಇದನ್ನು ಬದಲಿಸಿ ನೋಡಿ.

ಕೀಲಿಯ ವಿಷಯದಲ್ಲೇ ಇನ್ನೊಂದು ಪಾಠ ನನ್ನ ಅಕ್ಕನ ಮಗನಿಂದ ಆಯಿತು. ಅವನು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗೆಂದು ಕೀಲಿಯಿರುವ ಒಂದು ವೈರ್‌ಗಾರ್ಡ್ ಫೈಲ್ ಕೊಟ್ಟಿದ್ದೆ. ಅವನು ಅದನ್ನೇ ತನ್ನ ಫೋನಿಗೂ ಟ್ಯಾಬಿಗೂ ಹಾಕಿದ. ‘ಮಾಮಾ, ಟ್ಯಾಬ್ ಹಚ್ಚಿದ್ರ ಫೋನ್ ನಿಂದರ್ತದ, ಫೋನ್ ಹಚ್ಚಿದ್ರ ಟ್ಯಾಬ್ ನಿಂದರ್ತದ’ ಅಂತ ದೂರು. ಎರಡರಲ್ಲೂ ‘ಸಂಪರ್ಕದಲ್ಲಿದೆ’ ಎಂದೇ ತೋರಿಸುತ್ತಿತ್ತು, ಎಲ್ಲೂ ಎಚ್ಚರಿಕೆಯಿಲ್ಲ. ಒಂದೇ ಕೀಲಿಯಿಂದ ಕೊನೆಗೆ ಎಲ್ಲಿಂದ ಮಾತು ಬಂತೋ ಅಲ್ಲಿಗೇ ಸರ್ವರ್ ಉತ್ತರ ಕಳಿಸುತ್ತದೆ. ಹಾಗಾಗಿ ಫೋನು, ಟ್ಯಾಬು ಒಂದರ ಉತ್ತರ ಇನ್ನೊಂದು ಕಸಿದುಕೊಳ್ಳುತ್ತಿದ್ದವು. ಒಂದು ಸಾಧನಕ್ಕೆ ಒಂದೇ ಫೈಲ್, ಬೇರೆ ದಾರಿಯಿಲ್ಲ.

ಎಲ್ಲ ಕಂಪನಿಗಳೂ ನನ್ನದರಂತೆ ಎಣಿಸುವುದಿಲ್ಲ. ಉದಾಹರಣೆಗೆ ಮಲ್ವಾಡ್‌ನಲ್ಲಿ ಮಿತಿ ಐದು ಸಾಧನ. ಅಲ್ಲಿ ಲಾಗಿನ್ ಆದ ಸಾಧನ ಆಫ್ ಇದ್ದರೂ ಲೆಕ್ಕಕ್ಕೆ ಬರುತ್ತದೆ, ಆರನೆಯದನ್ನು ಸೇರಿಸಲು ಒಂದನ್ನು ತೆಗೆಯಬೇಕು. ಕೊಳ್ಳುವ ಮೊದಲು ‘ಸಾಧನ’ ಎಂದಿದೆಯೋ ‘ಒಮ್ಮೆಗೆ ಕನೆಕ್ಷನ್’ ಎಂದಿದೆಯೋ ನೋಡಿ. ರೂಟರ್‌ಗೆ ಹಾಕಿದರೆ ಮನೆಯಷ್ಟೂ ಒಂದೇ ಕನೆಕ್ಷನ್ ಆಗುತ್ತದೆ ಎಂಬುದು ನಿಜ. ನನ್ನ ಹಳೆಯ ರೂಟರ್‌ನಲ್ಲಿ 100 ಎಂಬಿಪಿಎಸ್ ಲೈನು 18ಕ್ಕೆ ಇಳಿಯಿತು. ಅದರ ಪ್ರೊಸೆಸರ್‌ಗೆ ಗೂಢಲಿಪೀಕರಣದ ಭಾರ ತಾಳಲಿಲ್ಲ. ತೆಗೆದುಬಿಟ್ಟೆ.

ಈಗ ಸರ್ವರ್ ಜಾಗದ ವಿಷಯ. ಆರನೇ ತಿಂಗಳಲ್ಲಿ ಇಂಡಿಯಾ ಸರ್ವರ್ ಸಿಗಲಿ ಎಂದು ಒಂದು ತಿಂಗಳಿಗೆ ಮೇಲಿನ ಪ್ಲಾನ್ ಕೊಂಡೆ. ಸಿಂಗಾಪುರಕ್ಕಿಂತ ಬೇಗ ಓಡುತ್ತದೆ ಎಂಬ ಆಸೆ. ವ್ಯತ್ಯಾಸವೇ ಕಾಣಲಿಲ್ಲ. ವಿಪಿಎನ್ ಆಫ್ ಮಾಡಿ ವಿಂಡೋಸ್‌ನಲ್ಲಿ ಎರಡೂ ಸರ್ವರ್‌ಗಳ ವಿಳಾಸಕ್ಕೆ ಪಿಂಗ್ ಕೊಟ್ಟೆ:

```
ping -n 10 203.0.113.5
```

(ಆ ಅಂಕಿಯ ಜಾಗದಲ್ಲಿ ನಿಮ್ಮ ಕಾನ್ಫಿಗ್ ಫೈಲಿನಲ್ಲಿರುವ ಸರ್ವರ್ ವಿಳಾಸ ಹಾಕಿ.) ಹೋಗಿ ಬರಲು ಸಿಂಗಾಪುರ 71 ಮಿಲಿಸೆಕೆಂಡ್, ‘ಇಂಡಿಯಾ’ 73. ಬೆಂಗಳೂರಿನ ಒಂದು ಸರ್ವರ್‌ಗೆ ಅದೇ ಲೈನಿನಿಂದ 14. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಇದ್ದಿದ್ದರೆ 73 ಬರಬೇಕಾದ ಕಾರಣವೇ ಇಲ್ಲ. ಸಹಾಯವಾಣಿಯ ಹುಡುಗ ಕೊನೆಗೆ ಒಪ್ಪಿಕೊಂಡ: ಅದು ವರ್ಚುವಲ್ ಜಾಗ, ಐಪಿ ಭಾರತದ್ದು, ಯಂತ್ರ ಇರುವುದು ಸಿಂಗಾಪುರದಲ್ಲಿ.

ಇದಕ್ಕೆ ಹಿನ್ನೆಲೆಯಿದೆ. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿಯ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಆ ವರ್ಷವೇ ತಮ್ಮ ಯಂತ್ರಗಳನ್ನು ಭಾರತದಿಂದ ತೆಗೆಯುವುದಾಗಿ ಹೇಳಿದವು. ವರ್ಚುವಲ್ ಜಾಗ ಮೋಸವೇನಲ್ಲ, ಭಾರತದ ಐಪಿ ಬೇಕಾದವರಿಗೆ ಅದು ಸಾಕು. ಆದರೆ ಬೆಲೆಪಟ್ಟಿಯಲ್ಲಿ ಆ ಮಾತು ಇರಬೇಕಿತ್ತು. ವೇಗಕ್ಕೆಂದು ಹಣ ಕೊಟ್ಟ ನನಗೆ ಅದು ನೋವಾಯಿತು.

ಮುಂದಿನ ತಿಂಗಳು ಬೇಸಿಕ್ ಪ್ಲಾನಿಗೇ ಇಳಿದೆ. ಕೆಲವು ಸರಕಾರಿ ಪೋರ್ಟಲ್‌ಗಳು ಹೊರದೇಶದ ಐಪಿಗೆ ತೆರೆಯುವುದಿಲ್ಲ. ಅದಕ್ಕೆ ಸ್ಪ್ಲಿಟ್ ಟನೆಲಿಂಗ್‌ನಲ್ಲಿ ಆ ಕೆಲಸಕ್ಕೆಂದೇ ಒಂದು ಬ್ರೌಸರನ್ನು ವಿಪಿಎನ್‌ನಿಂದ ಹೊರಗಿಟ್ಟಿದ್ದೇನೆ, ಅದನ್ನು ಮನೆಯ ಲೈನಿನಲ್ಲಿ ಅಥವಾ ಮೊಬೈಲ್ ಡೇಟಾದಲ್ಲಿ ಮಾತ್ರ ತೆರೆಯುತ್ತೇನೆ. ಲಾಡ್ಜಿನಲ್ಲಿ ದಿನದ ಕೆಲಸಕ್ಕೆ ಸಿಂಗಾಪುರ, ಖರೀದಿದಾರರ ಪೋರ್ಟಲ್‌ಗೆ ನೆದರ್‌ಲ್ಯಾಂಡ್ಸ್. ಅಲ್ಲಿಗೆ ಪಿಂಗ್ 160ರ ಮೇಲಿದ್ದರೂ ಪಿಡಿಎಫ್ ಏರಿಸಲು ಅಡ್ಡಿಯಿಲ್ಲ. ಅಮೆರಿಕದ ಸರ್ವರ್ ಒಮ್ಮೆಯೂ ಬೇಕಾಗಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ವರ್ಚುವಲ್ ಮಾತು ಮುಚ್ಚಿಟ್ಟದ್ದಕ್ಕೆ. ಇನ್ನೊಂದು ಪೂರ್ತಿ ಅಂಕ, ಯಾವ ಸಾಧನ ಈಗ ಸಂಪರ್ಕದಲ್ಲಿದೆ ಎಂದು ಖಾತೆಯ ಪುಟದಲ್ಲಿ ಇವತ್ತಿಗೂ ತೋರಿಸದಿರುವುದಕ್ಕೆ.