ವಿದ್ಯುತ್ ಪ್ಯಾನೆಲ್ ತಪಾಸಣೆಗೆ ಅಂಚು ಸೇರಿಸೋದಾ, ಬ್ಲೆಂಡ್ ಮಾಡೋದಾ?

ಯಾವ ಟರ್ಮಿನಲ್ ಬಿಸಿ ಅಂತ ಗುರುತಿಸೋದಷ್ಟೇ ಕೆಲಸವಾದರೆ, ಸಾಮಾನ್ಯ ಫೋಟೋದ ಅಂಚುಗಳನ್ನು ಮಾತ್ರ, ಬಿಸಿಯನ್ನು ಬಣ್ಣದಲ್ಲಿ ತೋರಿಸೋ ಥರ್ಮಲ್ ಚಿತ್ರದ ಮೇಲೆ ಕೂರಿಸೋ ವಿಧಾನ ಒಳ್ಳೆಯದು. ಬಣ್ಣ ಹೆಚ್ಚು ಕಡಿಮೆ ಹಾಗೇ ಉಳಿಯುತ್ತೆ, ಲೇಬಲ್ಲೂ ಓದಬಹುದು. ಎರಡು ಚಿತ್ರಗಳನ್ನೂ ಅರ್ಧರ್ಧ ಬೆರೆಸಿ ಬ್ಲೆಂಡ್ ಮಾಡಿದರೆ ಬಣ್ಣ ಮಾಸುತ್ತೆ. ಆದರೆ ಸಾಫ್ಟ್‌ವೇರ್ ಬರೆಯೋದು ಸುಲಭ, ವರದಿ ಓದೋರಿಗೆ ಜಾಗವೂ ಬೇಗ ತಿಳಿಯುತ್ತೆ.

ಹತ್ತಿರದಿಂದ ತೆಗೆದರೆ ಎರಡೂ ಕೈಕೊಡುತ್ತವೆ. ಫೋಟೋ ಮತ್ತು ಥರ್ಮಲ್ ಲೆನ್ಸ್‌ಗಳ ನಡುವೆ 2 ಸೆಂ.ಮೀ. ಇದ್ದು, ಎರಡು ಚಿತ್ರ 1 ಮೀಟರ್ ದೂರಕ್ಕೆ ಸರಿಯಾಗಿ ಕೂರೋ ಹಾಗೆ ಹೊಂದಿಸಿದ್ದರೆ, ಅರ್ಧ ಮೀಟರ್‌ನಲ್ಲಿ ಚಿತ್ರ 1 ಸೆಂ.ಮೀ. ಜರುಗಿ ಪಕ್ಕದ ಸ್ಕ್ರೂ ಬಿಸಿಯಾದಂತೆ ಕಾಣುತ್ತೆ! ಅಂಚು ಜೋಡಿ ಜೋಡಿಯಾಗಿ ಕಂಡರೆ ಅದೇ ಗುರುತು. ಅಲ್ಲಿ ಎರಡು ಚಿತ್ರ ಬೇರೆಬೇರೆ ಇಡೋದೇ ಕ್ಷೇಮ.

ತಾಪಮಾನ ಬರೆದುಕೊಳ್ಳಬೇಕಾ? ಹಾಗಾದರೆ ಚಿತ್ರಗಳನ್ನು ಯಾವ ರೀತಿ ಸೇರಿಸಿದರೂ ಸಾಲದು: 160×120 ಸೆನ್ಸರ್, 57 ಡಿಗ್ರಿ ನೋಟದಲ್ಲಿ 1 ಮೀಟರ್‌ಗೆ ಒಂದು ಪಿಕ್ಸೆಲ್ ಸುಮಾರು 7 ಮಿ.ಮೀ., ಹಾಗಾಗಿ ಸಣ್ಣ ಸ್ಕ್ರೂವಿನ ಬಿಸಿ ಸುತ್ತಲಿನ ತಂಪಿನ ಜೊತೆ ಸರಾಸರಿಯಾಗಿ ಕಡಿಮೆ ತೋರಿಸುತ್ತೆ, ಅಂಚು ಎಷ್ಟೇ ಚೂಪಾಗಿದ್ದರೂ.