ವೀಸಾ ಅರ್ಜಿ: ಫೈಲಿನ ಹೆಸರು ಕಂಡ ಮಾತ್ರಕ್ಕೆ ಅದು ತಲುಪಿದೆ ಎಂದು ನಂಬಬೇಡಿ

ಮಡಿಕೇರಿಯಲ್ಲಿರುವ ನಮ್ಮ ಅಕ್ಕನ ಮಗಳು ವಿದೇಶದಲ್ಲಿ ಓದುವುದಕ್ಕಾಗಿ ಸಲ್ಲಿಸಿದ್ದ ವೀಸಾ ಅರ್ಜಿ ಕಳೆದ ಮಳೆಗಾಲದಲ್ಲಿ ತಿರಸ್ಕೃತವಾಯಿತು. ಖರ್ಚು ಭರಿಸುವ ಶಕ್ತಿಗೆ ದಾಖಲೆ ಒದಗಿಸಿಲ್ಲ ಎಂಬುದು ಅವರು ಕೊಟ್ಟ ಕಾರಣ. ತೋಟದ ಪಹಣಿ, ಕಾಫಿ ಮಾರಿದ ಬಿಲ್ಲುಗಳು, ಬ್ಯಾಂಕಿನ ಲೆಕ್ಕಪತ್ರ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಅವಳು ನನ್ನ ಎದುರಿನಲ್ಲೇ ಅಪ್‌ಲೋಡ್ ಮಾಡಿದ್ದಳು. ಕಟ್ಟಿದ ಶುಲ್ಕ ಹಿಂದಿರುಗಲಿಲ್ಲ.

ಆ ಜಾಲತಾಣದಲ್ಲಿ ಒಂದು ಫೈಲಿಗೆ 2 ಎಂಬಿ ಮಿತಿ ಇತ್ತು. ಅದನ್ನು ಬರೆದಿದ್ದದ್ದು ಸಹಾಯ ಪುಟದಲ್ಲಿ ಮಾತ್ರ. ಪಹಣಿಯನ್ನೂ ಬಿಲ್ಲುಗಳನ್ನೂ ಅಂಗಡಿಯವರು 300 ಡಿಪಿಐಯಲ್ಲಿ, ಅಂದರೆ ಅಂಗುಲಕ್ಕೆ 300 ಚಿತ್ರಬಿಂದುಗಳಂತೆ, ಬಣ್ಣದ ಸ್ಕ್ಯಾನ್ ಮಾಡಿಕೊಟ್ಟಿದ್ದರಿಂದ ಪಿಡಿಎಫ್ 9 ಎಂಬಿ ದಾಟಿತ್ತು. ಸರ್ವರ್ ಅದನ್ನು ತಳ್ಳಿಹಾಕಿತು, ಆದರೆ ಯಾವ ಸೂಚನೆಯನ್ನೂ ಕೊಡಲಿಲ್ಲ. ಬಟನ್ನಿನ ಪಕ್ಕದಲ್ಲಿ ಫೈಲಿನ ಹೆಸರು ಮಾತ್ರ ಹಾಗೆಯೇ ಕಾಣುತ್ತಿತ್ತು, ಏಕೆಂದರೆ ಆ ಹೆಸರನ್ನು ತೋರಿಸುವುದು ನಮ್ಮದೇ ಬ್ರೌಸರ್. ನಾವು ಯಾವ ಫೈಲನ್ನು ಆರಿಸಿದೆವು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಆ ದಾಖಲೆ ಕಡ್ಡಾಯ ಎಂದು ಗುರುತಿಸಿರದ ಕಾರಣ ಅರ್ಜಿ ಮುಂದಕ್ಕೂ ಹೋಯಿತು.

ಆದ್ದರಿಂದ ಅಪ್‌ಲೋಡ್ ಆದ ಮೇಲೆ ಸೇವ್ ಮಾಡಿ, ಲಾಗೌಟ್ ಆಗಿ, ಮತ್ತೆ ಒಳಹೊಕ್ಕು ಫೈಲನ್ನು ಅಲ್ಲಿಂದಲೇ ತೆರೆದು ನೋಡಿ. ತೆರೆದುಕೊಂಡರೆ ಮಾತ್ರ ಅದು ಸರ್ವರಿನಲ್ಲಿದೆ. ಗಾತ್ರ ಇಳಿಸಲು 150 ಡಿಪಿಐಯಲ್ಲಿ ಕಪ್ಪು-ಬಿಳುಪಿನ ಛಾಯೆಯಲ್ಲಿ ಸ್ಕ್ಯಾನ್ ಮಾಡಿಸಿ. ಡಿಪಿಐ ಅರ್ಧವಾದರೆ ಉದ್ದದಲ್ಲೂ ಅಗಲದಲ್ಲೂ ಬಿಂದುಗಳು ಅರ್ಧವಾಗಿ, ಒಟ್ಟು ಚಿತ್ರಬಿಂದುಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಪಹಣಿಯ ಸಣ್ಣ ಅಕ್ಷರಗಳು ಓದಲು ಬರುತ್ತವೆಯೇ ಎಂದು ಮಾತ್ರ ದೊಡ್ಡದು ಮಾಡಿ ಪರೀಕ್ಷಿಸಿ.

ಇದೇ ರೀತಿ ಸದ್ದಿಲ್ಲದೆ ಕೈಕೊಡುವುದು ಸೆಷನ್ ಅವಧಿ, ಅಂದರೆ ನಾವು ಏನೂ ಕಳಿಸದಿದ್ದರೂ ಸರ್ವರ್ ನಮ್ಮ ಲಾಗಿನ್ ಉಳಿಸಿಕೊಳ್ಳುವ ಸಮಯ. ನಾವು ಒಂದೇ ಸಮನೆ ಟೈಪ್ ಮಾಡುತ್ತಿದ್ದರೂ 'ಮುಂದೆ' ಅಥವಾ 'ಸೇವ್' ಒತ್ತುವವರೆಗೆ ಸಾಮಾನ್ಯವಾಗಿ ಸರ್ವರಿಗೆ ಏನೂ ತಲುಪುವುದಿಲ್ಲ. ಅದರ ಲೆಕ್ಕದಲ್ಲಿ ನಾವು ಸುಮ್ಮನೆ ಕುಳಿತಿದ್ದೇವೆ. ಹಿಂದಿನ ಪ್ರಯಾಣಗಳ ವಿವರ ಕೇಳುವ ಪುಟದಲ್ಲಿ ಹಳೆಯ ಪಾಸ್‌ಪೋರ್ಟ್ ಹುಡುಕಲು ಎದ್ದು ಹೋದರೆ, ಅಥವಾ ಮಳೆಗೆ ಕರೆಂಟ್ ಹೋಗಿ ನೆಟ್ ನಿಂತರೆ, ಮರಳುವಷ್ಟರಲ್ಲಿ ಅವಧಿ ಮುಗಿದು ಆ ಪುಟ ಪೂರ್ತಿ ಹೋಗಿರುತ್ತದೆ. ಉದ್ದದ ಉತ್ತರಗಳನ್ನು ಮೊದಲೇ ಬೇರೆ ಫೈಲಿನಲ್ಲಿ ಬರೆದಿಟ್ಟುಕೊಂಡು ಅಂಟಿಸುವುದು ಕ್ಷೇಮ.

ಅಮೆರಿಕದ DS-160 ಅರ್ಜಿಯಲ್ಲಿ ಸುಮಾರು 20 ನಿಮಿಷ ಸುಮ್ಮನಿದ್ದರೆ ಸೆಷನ್ ಮುಗಿಯುತ್ತದೆ. ಆರಂಭದಲ್ಲೇ ಸಿಗುವ Application ID ಸಂಖ್ಯೆಯನ್ನೂ ಭದ್ರತಾ ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಅಕ್ಷರ ತಪ್ಪದೆ ಬರೆದಿಡಿ, ಅವಿಲ್ಲದೆ ಅರ್ಧಕ್ಕೆ ಬಿಟ್ಟ ಅರ್ಜಿಯನ್ನು ಮತ್ತೆ ತೆರೆಯಲಾಗದು. ಆ ಕರಡು ಜಾಲತಾಣದಲ್ಲಿ ಉಳಿಯುವುದು 30 ದಿನ ಮಾತ್ರ. ಅದಕ್ಕಿಂತ ಹೆಚ್ಚು ಕಾಲ ಬೇಕಾದರೆ Save Application to File ಒತ್ತಿ ನಿಮ್ಮ ಕಂಪ್ಯೂಟರಿಗೇ ಇಳಿಸಿಕೊಳ್ಳಬೇಕು. ಫೋಟೋ 240 ಕೆಬಿ ಮೀರಬಾರದು.